ಲೇಟ್ ಫೀ ಪತ್ರ

ಡೆಂಗ್ಯೂ ಬಂದು ಕಲಬುರಗಿಯ ಆಸ್ಪತ್ರೆಯಲ್ಲಿ 8 ದಿನ ಮಲಗಿದ್ದೆ. ಅದರ ನಡುವೆಯೇ ಕ್ರೆಡಿಟ್ ಕಾರ್ಡ್ ಬಿಲ್ಲಿನ ಕೊನೇ ದಿನ ಬಂದು ಹೋಯಿತು. ಗಡುವು ದಾಟಿ 3 ದಿನದೊಳಗೆ ಕಟ್ಟಿದರೆ ಲೇಟ್ ಫೀ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಆದರೆ ನನಗೆ 6 ದಿನ ಆಗಿತ್ತು. 750 ರೂಪಾಯಿ ಲೇಟ್ ಫೀ, ಅದರ ಮೇಲೆ 18% ಜಿಎಸ್‌ಟಿ 135, ಒಟ್ಟು 885. ಬಡ್ಡಿ ಬೇರೆ.

ಮನೆಗೆ ಬಂದ ದಿನವೇ ಪೂರ್ತಿ ಬಾಕಿ ಕಟ್ಟಿದೆ, ಆಮೇಲೆ ಇವನ್ನೆಲ್ಲ ವಾಪಸ್ ಮಾಡಿ ಅಂತ ಬ್ಯಾಂಕಿಗೆ ಪತ್ರ ಬರೆದೆ. ಕಾರ್ಡಿನ ಕೊನೆಯ 4 ಅಂಕಿ, ಅಡ್ಮಿಟ್ ಆದ ಮತ್ತು ಡಿಸ್ಚಾರ್ಜ್ ಆದ ತಾರೀಖು, ಹಣ ಕಟ್ಟಿದ ದಿನ, ಇಷ್ಟೇ. ಡಿಸ್ಚಾರ್ಜ್ ಸಮ್ಮರಿಯನ್ನೂ ಲಗತ್ತಿಸಿದೆ. ಫೀ, ಜಿಎಸ್‌ಟಿ, ಬಡ್ಡಿ ಮೂರನ್ನೂ ಬಿಡಿಬಿಡಿಯಾಗಿ ಕೇಳಬೇಕು, ಇಲ್ಲಾಂದ್ರೆ ಫೀ ಒಂದನ್ನೇ ವಾಪಸ್ ಹಾಕಿ ಸುಮ್ಮನಾಗಬಹುದು ಅಲ್ವಾ.

ಸಲೈನ್ ಸೂಜಿ ಚುಚ್ಚಿದ್ದ ಕೈ ಇನ್ನೂ ನೋಯುತ್ತಿತ್ತು, ಅದೇ ಕೈಯಲ್ಲಿ ಟೈಪ್ ಮಾಡಿದೆ. ಹುಷಾರಿಲ್ಲದ್ದಕ್ಕೂ ತಾರೀಖು ಹಾಕಿ ಪುರಾವೆ ಕೊಡಬೇಕಲ್ಲ ಅಂತ ಒಂದು ಕ್ಷಣ ಬೇಜಾರಾಯಿತು.