ವಕೀಲರ ಪತ್ರದಲ್ಲಿ ಇಲ್ಲದ 37 ಲಕ್ಷ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಪಂಪಿನ ಬಾಡಿ, ಕವರ್ ಇಂಥ ಕಾಸ್ಟಿಂಗ್ ತಯಾರಾಗುತ್ತವೆ. ಆ ವರ್ಷ ಮೇ ತಿಂಗಳಲ್ಲಿ ಲೆಕ್ಕ ಮುಗಿಸಲು ಕೂತಾಗ, ಒಂದು ಕೇಸು ಮಾತ್ರ ಎಲ್ಲಿ ಬರೆಯಬೇಕೆಂದು ತಿಳಿಯದೆ ಉಳಿದುಬಿಟ್ಟಿತ್ತು.

ಬೆಂಗಳೂರಿನ ಗಿರಾಕಿಯೊಬ್ಬರು ನಮ್ಮ ಮೇಲೆ 1 ಕೋಟಿ 84 ಲಕ್ಷಕ್ಕೆ ದಾವೆ ಹಾಕಿದ್ದರು. ಅದರ ಹಿಂದಿನ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕಳಿಸಿದ 3 ಲಾಟ್ ಮಾಲಿನಲ್ಲಿ ದೋಷವಿದೆ ಎಂಬುದು ಅವರ ದೂರು. ಕೋರ್ಟಿಗೆ ಹೋಗುವ ಮುಂಚೆ ಮಧ್ಯಸ್ಥಿಕೆ ನಡೆದು ಮುರಿದಿತ್ತು. ಹಿಂದಿನ ವರ್ಷವೇ ಆಗಸ್ಟ್ 1ಕ್ಕೆ ಕೇಸು ದಾಖಲಾಗಿತ್ತು.

ವಕೀಲರು ಕಳಿಸಿದ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: ‘ನಮ್ಮ ವಾದ ಗಟ್ಟಿಯಾಗಿದೆ, ದಾವೆಯನ್ನು ಬಲವಾಗಿ ಎದುರಿಸುತ್ತಿದ್ದೇವೆ.’ ಅದನ್ನು ನಂಬಿ ನಾನು ಪೂರ್ತಿ ಮೊತ್ತವನ್ನು ಕಂಟಿಂಜೆಂಟ್ ಲಯಬಿಲಿಟಿ, ಅಂದರೆ ಕೊಡಬೇಕಾಗಿ ಬಂದರೂ ಬರಬಹುದಾದ ಹೊಣೆ, ಎಂದು ಲೆಕ್ಕಪತ್ರದ ಜೊತೆಗಿನ ಟಿಪ್ಪಣಿಯಲ್ಲಿ ಹಾಕಿದ್ದೆ. ಟಿಪ್ಪಣಿಯಲ್ಲಿ ಬಂದರೆ ಲಾಭಕ್ಕೆ ಏನೂ ಆಗುವುದಿಲ್ಲ. ಮುಂದೆ ಕೊಡಬೇಕಾಗುವ ಹಣವೆಂದು ಈಗಲೇ ಪ್ರಾವಿಷನ್ ತೆಗೆದರೆ ಅಷ್ಟೂ ಆ ವರ್ಷದ ಖರ್ಚು. ನಮ್ಮ ಲಾಭ ಇದ್ದದ್ದೇ 96 ಲಕ್ಷ.

ಆಡಿಟರ್ ಮೇಡಂ ಡ್ರಾಫ್ಟ್ ನೋಡಿ ಒಂದೇ ಪ್ರಶ್ನೆ ಕೇಳಿದರು. ‘ಈ 1.84 ಕೋಟಿಯೊಳಗೆ ಏನೇನಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ದಾವೆಯ ಅರ್ಜಿಯನ್ನು ನಾನು ಪೂರ್ತಿ ಓದಿಯೇ ಇರಲಿಲ್ಲ.

ಅವತ್ತು ಸಂಜೆ ಓದಿದೆ. ಮಾಲಿಗೆ ಕೊಟ್ಟ ಹಣ 38 ಲಕ್ಷ. ಆ ಕಾಸ್ಟಿಂಗ್‌ಗಳ ಮೇಲೆ ಅವರು ಮಾಡಿದ ಮಷೀನಿಂಗ್ ಖರ್ಚು 14 ಲಕ್ಷ. ಅವರ ಲೈನ್ ನಿಂತಿದ್ದಕ್ಕೆ ಹೋದ ಲಾಭ 1 ಕೋಟಿ 10 ಲಕ್ಷ. ಬಡ್ಡಿ 22 ಲಕ್ಷ. ಒಂದು ಕೇಸು ಅಂತ ನಾನು ಅಂದುಕೊಂಡಿದ್ದು ನಿಜವಾಗಿ ನಾಲ್ಕು ಬೇರೆ ಬೇರೆ ಬೇಡಿಕೆಗಳು. ಒಂದೊಂದರ ಹಣೆಬರಹವೂ ಬೇರೆ.

ನಮ್ಮಂಥ ಸಣ್ಣ, ಲಿಸ್ಟ್ ಆಗದ ಕಂಪನಿಗೆ ಅನ್ವಯಿಸುವುದು ಎಎಸ್ 29 ಎಂಬ ಲೆಕ್ಕಪತ್ರ ಮಾನದಂಡ. ಅದು ಕೇಳುವುದು ಇಷ್ಟು. ಮಾರ್ಚ್ 31ರೊಳಗೆ ನಡೆದುಹೋದ ಯಾವುದೋ ಘಟನೆಯಿಂದ ಕೊಡಬೇಕಾದ ಬಾಧ್ಯತೆ ಹುಟ್ಟಿದೆಯೇ? ಹಣ ಹೊರಗೆ ಹೋಗುವ ಸಂಭವ, ಹೋಗದಿರುವ ಸಂಭವಕ್ಕಿಂತ ಜಾಸ್ತಿ ಇದೆಯೇ? ಎಷ್ಟು ಅಂತ ನಂಬುವ ಹಾಗೆ ಅಂದಾಜು ಮಾಡಬಹುದೇ? ಮೂರಕ್ಕೂ ಹೌದಾದರೆ ಪ್ರಾವಿಷನ್. ಸಂಭವ ಅಷ್ಟಿಲ್ಲದಿದ್ದರೆ ಟಿಪ್ಪಣಿ. ತೀರಾ ದೂರದ ಮಾತಾದರೆ ಟಿಪ್ಪಣಿಯೂ ಬೇಡ. ವಕೀಲರು ಹೇಳುವ ‘ವಾದ ಗಟ್ಟಿಯಾಗಿದೆ’ ಈ ಮೂರರಲ್ಲಿ ಯಾವುದಕ್ಕೂ ಉತ್ತರವಲ್ಲ.

ಮರುದಿನ ಕ್ವಾಲಿಟಿ ವಿಭಾಗಕ್ಕೆ ಹೋಗಿ ಹಳೇ ಫೈಲು ತೆಗೆಸಿದೆ. ಹಿಂದಿನ ವರ್ಷ ಮೇ ಕೊನೆಯಲ್ಲಿ ಗಿರಾಕಿಯ ಕಾರ್ಖಾನೆಯಲ್ಲಿ ನಡೆದ ಜಂಟಿ ತಪಾಸಣೆಯ ಹಾಳೆ ಸಿಕ್ಕಿತು. ನಮ್ಮವರೇ ಸಹಿ ಹಾಕಿದ್ದರು. ಮೊದಲ ಎರಡು ಲಾಟ್‌ಗಳಲ್ಲಿ ಬ್ಲೋಹೋಲ್, ಅಂದರೆ ಎರಕದೊಳಗೆ ಗಾಳಿ ಸಿಕ್ಕಿ ಆಗುವ ತೂತು. ಇದು ಬಹಳ ಸಲ ಮೇಲಿನಿಂದ ಕಾಣುವುದಿಲ್ಲ. ಮಷೀನಿಂಗ್‌ನಲ್ಲಿ ಮೇಲ್ಪದರ ತೆಗೆದಮೇಲೇ ಹೊರಬೀಳುತ್ತದೆ. ಹಾಗಾಗಿಯೇ ಅವರಿಗೆ ಮಷೀನಿಂಗ್ ಖರ್ಚು ಬಿದ್ದಿತ್ತು. ಮೂರನೇ ಲಾಟ್‌ನದು ಬಿರುಕು. ‘ಫಿಕ್ಸ್ಚರ್‌ನಲ್ಲಿ ಜಾಸ್ತಿ ಬಿಗಿದದ್ದರಿಂದ’, ಅಂದರೆ ಮಷೀನಿಂಗ್‌ಗೆ ಮಾಲನ್ನು ಹಿಡಿದಿಡುವ ಸಾಧನದಲ್ಲಿ ಗಿರಾಕಿಯವರು ಬಿಗಿದದ್ದರಿಂದ, ಎಂದು ನಮ್ಮವರು ಬರೆದಿದ್ದರು, ಗಿರಾಕಿ ಒಪ್ಪಿರಲಿಲ್ಲ.

ಆ ಹಾಳೆ ಹಿಡಿದುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಗಾಂಧಿನಗರದ ಆಫೀಸಿನಲ್ಲಿ ವಕೀಲರು ಹಾಳೆಯನ್ನು ಎರಡು ಸಲ ಓದಿದರು. ‘ಇದು ನನಗೆ ಗೊತ್ತಿತ್ತು. ನೀವು ಕೇಸಿನ ಬಗ್ಗೆ ಕೇಳಿದಿರಿ, ಕೇಸಿನ ಬಗ್ಗೆ ಬರೆದೆ’ ಎಂದರು. ಗೆಲ್ಲುವ ಪ್ರಮಾಣ ಶೇಕಡಾ ಇಷ್ಟು ಅಂತ ಬರೆದುಕೊಡಲು ಅವರು ಒಪ್ಪಲಿಲ್ಲ. ಆದರೆ ಒಂದೊಂದು ಬೇಡಿಕೆಯನ್ನೂ ಬಿಡಿಸಿ ಕೇಳಿದಾಗ ಸಲೀಸಾಗಿ ಮಾತಾಡಿದರು.

ಮೊದಲ ಎರಡು ಲಾಟ್‌ಗಳ ಬೆಲೆ 26 ಲಕ್ಷ, ಅವುಗಳ ಮಷೀನಿಂಗ್ 9 ಲಕ್ಷ. ರಿಜೆಕ್ಟ್ ಆದ ಮಾಲಿನ ಮಷೀನಿಂಗ್ ಖರ್ಚು ನಮ್ಮದೇ ಎಂದು ಆರ್ಡರ್‌ನಲ್ಲೇ ಬರೆದಿದೆ. ‘ಈ 35 ಲಕ್ಷ ತಪ್ಪಿಸಿಕೊಳ್ಳುವುದು ಕಷ್ಟ. ಮಧ್ಯಸ್ಥಿಕೆಯಲ್ಲಿ ನೀವೇ 20 ಲಕ್ಷ ಕೊಡ್ತೀವಿ ಅಂದಿದ್ದಿರಲ್ವಾ?’ ಎಂದರು. ಈ ಮಾತು ನನ್ನೊಳಗೆ ಉಳಿಯಿತು. ಕೊಡಲು ತಾವೇ ಮುಂದಾದ ಮೊತ್ತವನ್ನು, ಕೊಡಬೇಕಾಗಿ ಬರಲಾರದು ಅಂತ ಲೆಕ್ಕದಲ್ಲಿ ಬರೆಯುವುದು ಹೇಗೆ?

ಬೆಲೆ, ಮಷೀನಿಂಗ್ ಸೇರಿ ಮೂರನೇ ಲಾಟ್‌ನ 17 ಲಕ್ಷ ಇನ್ನೂ ಬರಬೇಕಾದ ಲ್ಯಾಬ್ ವರದಿಯ ಮೇಲೆ ನಿಂತಿದೆ, ಸದ್ಯಕ್ಕೆ ನಮ್ಮ ಕಡೆಗೇ ಜಾಸ್ತಿ ವಾಲುತ್ತದೆ ಎಂದರು. ಲೈನ್ ನಿಂತ ನಷ್ಟದ 1.10 ಕೋಟಿ ಬಗ್ಗೆ ಅವರಿಗೆ ಧೈರ್ಯವಿತ್ತು. ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ನಮ್ಮ ಆರ್ಡರ್‌ನಲ್ಲೂ ಅಂಥದ್ದೇ ಷರತ್ತು ಇತ್ತು. ಆದರೆ ಷರತ್ತಿನ ಬರಹ ಸಡಿಲವಾಗಿದ್ದರಿಂದ, ಆ ಹಣ ಕೊಡಬೇಕಾಗಿ ಬರುವುದೇ ಇಲ್ಲ ಎನ್ನಲು ಅವರು ತಯಾರಿರಲಿಲ್ಲ. ಅಂದರೆ ಅದು ಟಿಪ್ಪಣಿಯಲ್ಲಿ ಇರಲೇಬೇಕು. ಬಡ್ಡಿಗೆ ದಾವೆಯ ದಿನದಿಂದ ಶೇ. 9 ಹಿಡಿಯಿರಿ ಎಂದರು. 35 ಲಕ್ಷಕ್ಕೆ 8 ತಿಂಗಳಿಗೆ 2 ಲಕ್ಷ 10 ಸಾವಿರ.

ಹೀಗೆ ಪ್ರಾವಿಷನ್ 37.10 ಲಕ್ಷ ಆಯಿತು. ಉಳಿದ 1 ಕೋಟಿ 46 ಲಕ್ಷ 90 ಸಾವಿರ ಟಿಪ್ಪಣಿಗೆ.

ಊರಿಗೆ ಬಂದು ಯಜಮಾನರ ಮುಂದೆ ಇಟ್ಟೆ. ಲಾಭ 58.90 ಲಕ್ಷಕ್ಕೆ ಇಳಿಯುತ್ತದೆ, ಬ್ಯಾಂಕಿನವರು ಕೇಳುತ್ತಾರೆ ಎಂಬುದು ಅವರ ಮೊದಲ ಚಿಂತೆ. ಎರಡನೆಯದು ಇನ್ನೂ ದೊಡ್ಡದು.

‘ಬುಕ್ಕಿನಾಗ ಬರದ್ರ ನಾವು ತಪ್ಪು ಒಪ್ಪಿಕೊಂಡಂಗ ಆತಲ್ರೀ? ಅವ್ರ ವಕೀಲ ಇದನ್ನ ಕೋರ್ಟಿಗೆ ಒಯ್ತಾನ.’

ಭಯ ಸುಳ್ಳಲ್ಲ. ಎಎಸ್ 29 ಕೂಡ ಅದನ್ನು ಬಲ್ಲದು. ವಿವರ ಬಹಿರಂಗ ಮಾಡಿದರೆ ನಡೆಯುತ್ತಿರುವ ವ್ಯಾಜ್ಯದಲ್ಲಿ ನಮಗೆ ಗಂಭೀರ ಹಾನಿ ಆಗುವಂತಿದ್ದರೆ, ತೀರಾ ಅಪರೂಪಕ್ಕೆ ವಿವರ ಬಿಡಬಹುದು. ಆಗಲೂ ವ್ಯಾಜ್ಯ ಯಾವ ಬಗೆಯದು, ವಿವರ ಯಾಕೆ ಕೊಟ್ಟಿಲ್ಲ ಎಂದು ಹೇಳಬೇಕು. ಈ ರಿಯಾಯಿತಿ ಟಿಪ್ಪಣಿಯ ಮಾತಿಗೆ ಮಾತ್ರ. ಖರ್ಚು ಬರೆಯುವುದನ್ನೇ ಬಿಡಲು ಅಲ್ಲ.

‘ಹಂಗಾದ್ರ ಅರ್ಧ ಮಾಡ್ರಿ. 1.84ರಾಗ ಅರ್ಧ. ಇಬ್ಬರಿಗೂ ಸಮಾಧಾನ’ ಎಂದರು.

‘ಸರ್, ಹಂಗ ಮಾಡಿದ್ರ 92 ಲಕ್ಷ ಆಗ್ತದ. ಕೋರ್ಟು ಕೊಡು ಅಂತ ಹೇಳೋ ಮೊತ್ತ ಅದಲ್ಲ’ ಎಂದೆ. ಒಂದೇ ಕೇಸಿನಲ್ಲಿ ಆಗಬಹುದಾದ ಫಲಿತಾಂಶಗಳನ್ನು ಕೂಡಿ ಸರಾಸರಿ ತೆಗೆಯುವುದಲ್ಲ, ಹೆಚ್ಚು ಸಂಭವ ಇರುವ ಫಲಿತಾಂಶ ಯಾವುದು ಅಂತ ಮೊದಲು ನೋಡಬೇಕು. ಜಂಟಿ ತಪಾಸಣೆಯ ಹಾಳೆಯನ್ನು ಅವರ ಮುಂದೆ ಇಟ್ಟೆ. ಅವರು ಹುಟ್ಟಿನಿಂದ ಫೌಂಡ್ರಿ ಕಂಡವರು. ಬ್ಲೋಹೋಲ್ ಎಂಬ ಪದ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ‘ಈ ಎರಡು ಲಾಟು ನಮ್ಮದ ತಪ್ಪು’ ಎಂದರು. ಆಮೇಲೆ ವಾದ ಮಾಡಲಿಲ್ಲ.

ಬೇಡಿಕೆಗಳನ್ನು ಬಿಡಿಸಿ ಬರೆದ ಹೊಸ ಪತ್ರವನ್ನು ವಕೀಲರು ಆಡಿಟರ್‌ಗೆ ನೇರವಾಗಿ ಕಳಿಸಿದರು. ಜುಲೈನಲ್ಲಿ ಲೆಕ್ಕಪತ್ರಕ್ಕೆ ಸಹಿ ಆಯಿತು.

ಮರುವರ್ಷ ಜನವರಿಯಲ್ಲಿ ಲ್ಯಾಬ್ ವರದಿ ಬಂತು. ಮೂರನೇ ಲಾಟ್‌ನ ಬಿರುಕಿಗೂ ನಮ್ಮ ಎರಕವೇ ಕಾರಣ ಎಂದಿತ್ತು. ಆ 17 ಲಕ್ಷವನ್ನು, ಅದರ ಬಡ್ಡಿಯನ್ನು ಟಿಪ್ಪಣಿಯಿಂದ ತೆಗೆದು ಪ್ರಾವಿಷನ್‌ಗೆ ಸೇರಿಸಿದೆ. ‘ಹೋದ ವರ್ಷದ ಲೆಕ್ಕ ತಪ್ಪಿತ್ತೇನ್ರೀ?’ ಎಂದು ಯಜಮಾನರು ಕೇಳಿದರು. ತಪ್ಪಿರಲಿಲ್ಲ. ಹೋದ ವರ್ಷ ಸಹಿ ಹಾಕಿದ ದಿನ ಆ ವರದಿ ಇರಲಿಲ್ಲ, ಈಗ ಬಂತು, ಹಾಗಾಗಿ ಅದು ಈ ವರ್ಷದ ಖರ್ಚು ಎಂದೆ.