ಕೆರೆ ಅಧ್ಯಾಯದ ಎರಡನೇ ಪ್ಯಾರಾ: ಒಂದು ವಾರದ ಕೆಲಸ

ಸೋಮವಾರ

ಕೋಲಾರ ಸೀಮೆಯ ಕೆರೆಗಳಲ್ಲಿ ನೀರು ಹಂಚಿಕೆ ಹೇಗೆ ನಡೆಯುತ್ತಿತ್ತು ಎಂಬ ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಸಾಹಿತ್ಯ ಸಮೀಕ್ಷೆಯ ಕರಡು ಗೈಡ್ ಕೈಯಿಂದ ವಾಪಸ್ ಬಂತು. ಎರಡನೇ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: "ಇದರಲ್ಲಿ ನಿಮ್ಮ ಮಾತು ಯಾವುದು?" ಆ ಪ್ಯಾರಾ ಹೀಗಿತ್ತು.

"ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ಹಾಳಾಗುತ್ತದೆ ಎಂದು ಹಾರ್ಡಿನ್ (1968) ಹೇಳುತ್ತಾರೆ. ವೇಡ್ (1988) ಆಂಧ್ರದ ಕರ್ನೂಲು ಜಿಲ್ಲೆಯ ಕಾಲುವೆ ನೀರಾವರಿಯ ಹಳ್ಳಿಗಳನ್ನು ಅಧ್ಯಯನ ಮಾಡಿದ್ದಾರೆ. ದೀರ್ಘಕಾಲ ಉಳಿದುಬಂದ ಸಾಮೂಹಿಕ ವ್ಯವಸ್ಥೆಗಳನ್ನು ನೋಡಿ ಆಸ್ಟ್ರಂ (1990) ಎಂಟು ತತ್ವಗಳನ್ನು ಕೊಟ್ಟಿದ್ದಾರೆ. ಮಾಸ್ (2003) ತಮಿಳುನಾಡಿನ ಕೆರೆಗಳ ಬಗ್ಗೆ ಬರೆದಿದ್ದಾರೆ."

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಅದಕ್ಕೇ ನಾನು ಮೂರು ಸಲ ಓದಿದರೂ ಕೊರತೆ ಕಣ್ಣಿಗೆ ಬಿದ್ದಿರಲಿಲ್ಲ.

ಮಂಗಳವಾರ

ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು, ವಾಕ್ಯಗಳನ್ನು ಕತ್ತರಿಸಿ ಚೀಟಿ ಮಾಡಿ ಮೇಜಿನ ಮೇಲೆ ಅದಲುಬದಲು ಮಾಡುವುದು. ಮಾಸ್ ಮೊದಲು ಬಂದರು, ಹಾರ್ಡಿನ್ ಕೊನೆಗೆ ಹೋದರು, ಪ್ಯಾರಾಕ್ಕೆ ಏನೂ ಆಗಲಿಲ್ಲ. ವಾದ ಇದ್ದಿದ್ದರೆ ಎಲ್ಲೋ ಒಂದು ಕಡೆ ಮುರಿಯಬೇಕಿತ್ತು. ಒಂದು ವಾಕ್ಯ ಹಿಂದಿನದರ ಮೇಲೆ ನಿಂತಿದ್ದರೆ, ಹಿಂದಿನದನ್ನು ತೆಗೆದಾಗ ಅದು ಕುಸಿಯಲೇಬೇಕು. ಇಲ್ಲಿ ಕ್ರಮ ಕೊಟ್ಟಿದ್ದು ಬರೀ ಪ್ರಕಟಣೆಯ ವರ್ಷ.

ಎರಡನೆಯದು, ಲೇಖಕರ ಹೆಸರಿನ ಮೇಲೆ ಬೆರಳಿಟ್ಟು ಉಳಿದದ್ದನ್ನು ಓದುವುದು. "ಅಧ್ಯಯನ ಮಾಡಿದ್ದಾರೆ", "ತತ್ವಗಳನ್ನು ಕೊಟ್ಟಿದ್ದಾರೆ", "ಬರೆದಿದ್ದಾರೆ" ಉಳಿಯಿತು. ನೀರಿನ ಬಗ್ಗೆ ಒಂದು ಹೇಳಿಕೆಯೂ ಉಳಿಯಲಿಲ್ಲ. ವೇಡ್ ಕರ್ನೂಲಿಗೆ ಹೋಗಿದ್ದರು ಅಂತ ಹೇಳಿ, ಅಲ್ಲಿ ಅವರಿಗೆ ಏನು ಕಂಡಿತು ಅನ್ನುವುದನ್ನೇ ನಾನು ಬಿಟ್ಟಿದ್ದೆ.

ಬುಧವಾರ

ನೋಟ್ಸಿನಿಂದ ಕೋಷ್ಟಕ ಹಾಕಿದೆ. ಸಾಲಿಗೊಬ್ಬ ಲೇಖಕರು ಸರಿ, ಕಾಲಂಗಳಿಗೆ ಏನು ಬರೆಯುತ್ತೇವೆ ಅನ್ನುವುದೇ ಮುಖ್ಯ. ಹಿಂದಿನ ಕೋಷ್ಟಕದಲ್ಲಿ "ಪ್ರದೇಶ, ವಿಧಾನ, ಫಲಿತಾಂಶ" ಎಂದಿತ್ತು. ಅಂಥ ಕಾಲಂಗಳಿಂದ ಹುಟ್ಟುವುದು ಅಂಥದ್ದೇ ಪ್ಯಾರಾ. ಈ ಸಲ ಕಾಲಂಗಳ ತಲೆಗೆ ಪ್ರಶ್ನೆ ಬರೆದೆ: ನೀರು ಹಂಚುವ ನಿಯಮ ಎಲ್ಲಿಂದ ಹುಟ್ಟುತ್ತದೆ? ಅದನ್ನು ಉಳಿಸುವುದು ಯಾವುದು?

ತುಂಬುತ್ತಾ ಹೋದಂತೆ ನಾಲ್ವರೂ ಒಬ್ಬರಿಗೊಬ್ಬರು ಎದುರಾಗತೊಡಗಿದರು. ಹಾರ್ಡಿನ್ ಕಲ್ಪಿಸಿದ ಹುಲ್ಲುಗಾವಲಿಗೆ ನಿಯಮವೇ ಇಲ್ಲ, ಹಾಗಾಗಿ ಅವರ ಎರಡೂ ಕೋಣೆ ಖಾಲಿ. ಆ ಖಾಲಿ ಕೋಣೆಯೇ ಅವರಿಗೆ ಪ್ಯಾರಾದಲ್ಲಿ ಜಾಗ ತೋರಿಸಿಕೊಟ್ಟಿತು. ವೇಡ್ ಪ್ರಕಾರ ಸಂಘಟನೆ ಗಟ್ಟಿಯಾಗಿದ್ದುದು ಕಾಲುವೆಯ ಕೊನೆಭಾಗದ ಹಳ್ಳಿಗಳಲ್ಲಿ. ನೀರು ಬರದೆ ಬೆಳೆ ಒಣಗುವ ಭಯ ಅಲ್ಲೇ ಹೆಚ್ಚು, ಆದ್ದರಿಂದ ಊರೇ ಸೇರಿ ಹಣ ಹಾಕಿ ನೀರು ಬಿಡುವವರನ್ನೂ ಹೊಲ ಕಾಯುವವರನ್ನೂ ನೇಮಿಸಿಕೊಳ್ಳುತ್ತಿತ್ತು. ಆಸ್ಟ್ರಂ ಅವರ ಮುಖ್ಯ ಉತ್ತರ ಎರಡನೇ ಕಾಲಂನಲ್ಲಿದೆ: ಬಳಕೆದಾರರಿಗೆ ಜವಾಬ್ದಾರರಾದ ಕಾವಲಿನವರು, ತಪ್ಪಿನ ಗಾತ್ರ ನೋಡಿ ಏರುವ ದಂಡ, ನಿಯಮ ತಿದ್ದುವುದರಲ್ಲಿ ಬಳಕೆದಾರರ ಪಾಲು. ಮಾಸ್ ಪ್ರಶ್ನೆಯ ನೆಲೆಯನ್ನೇ ಬದಲಾಯಿಸುತ್ತಾರೆ. ತಮಿಳುನಾಡಿನ ಕೆರೆಗಳಲ್ಲಿ ನೀರಿನ ವ್ಯವಸ್ಥೆ ಅಧಿಕಾರ, ಜಾತಿ, ಗೌರವಗಳಿಂದ ಬೇರೆಯಾಗಿ ಇರಲೇ ಇಲ್ಲ ಅನ್ನುವುದು ಅವರ ವಾದ.

ಗುರುವಾರ

ಹೊಸ ಕರಡು ಬರೆದೆ, ಅದೂ ನಿಲ್ಲಲಿಲ್ಲ. "ಅದೇ ರೀತಿ", "ಇನ್ನೊಂದೆಡೆ", "ಆದರೆ" ಎಂದು ಸೇರಿಸಿದ್ದೆ, ಓದಲು ನಯವಾಗಿತ್ತು. ಆದರೆ "ಅದೇ ರೀತಿ" ಅಳಿಸಿ, ಯಾವ ರೀತಿ ಎಂದು ಪೂರ್ತಿ ವಾಕ್ಯದಲ್ಲಿ ಹೇಳಲು ಹೊರಟಾಗ ಆಗಲಿಲ್ಲ. ವೇಡ್ ಹೇಳುವುದು ಸಂಘಟನೆ ಯಾಕೆ ಶುರುವಾಗುತ್ತದೆ ಎಂದು, ಆಸ್ಟ್ರಂ ಒತ್ತು ಕೊಡುವುದು ಅದು ಯಾಕೆ ಉಳಿಯುತ್ತದೆ ಎಂಬುದಕ್ಕೆ. ಸಂಬಂಧ ಇದೆ, ಅದು ಹೋಲಿಕೆಯಲ್ಲ, ಮುಂದುವರಿಕೆ.

ಇದಕ್ಕಿಂತ ಅಪಾಯದ ತಪ್ಪೊಂದು ಸಿಕ್ಕಿತು. "ಬಳಕೆದಾರರೇ ನೀರನ್ನು ನ್ಯಾಯವಾಗಿ ಹಂಚಿಕೊಳ್ಳಬಲ್ಲರು (ವೇಡ್ 1988, ಆಸ್ಟ್ರಂ 1990)" ಎಂದು ಇಬ್ಬರನ್ನೂ ಒಂದೇ ಆವರಣಕ್ಕೆ ಸೇರಿಸಿದ್ದೆ. ನೋಟ್ಸ್ ತೆಗೆದು ಒಬ್ಬೊಬ್ಬರನ್ನೇ ಆ ವಾಕ್ಯದ ಮುಂದೆ ನಿಲ್ಲಿಸಿ ನೋಡಿದೆ. ಸಂಘಟನೆ ಸಾಧ್ಯ ಅನ್ನುವುದಕ್ಕೆ ಇಬ್ಬರ ಸಾಕ್ಷ್ಯವೂ ಇದೆ. "ನ್ಯಾಯವಾಗಿ" ಅನ್ನುವ ಪದಕ್ಕೆ ನನ್ನ ನೋಟ್ಸಿನಲ್ಲಿ ಆಧಾರವೇ ಇರಲಿಲ್ಲ, ಅದು ನಾನು ಸೇರಿಸಿದ್ದು. ಪಟ್ಟಿ ಮಾಡುವಾಗ ಇಂಥ ತಪ್ಪಾಗುವುದು ಕಡಿಮೆ, ಹೆಣೆಯುವಾಗ ಸುಲಭವಾಗಿ ಆಗುತ್ತದೆ. ಹಾಗಾಗಿ ಒಂದೇ ಆವರಣದಲ್ಲಿ ಎರಡು ಹೆಸರು ಬಂದಲ್ಲೆಲ್ಲ ವಾಕ್ಯದ ಪ್ರತಿ ಪದವನ್ನೂ ಇಬ್ಬರಿಗೂ ಬೇರೆಬೇರೆಯಾಗಿ ಒಪ್ಪಿಸಿ ನೋಡುತ್ತಿದ್ದೇನೆ.

ಶುಕ್ರವಾರ

ನಿಂತದ್ದು ಇದು.

"ಹಾರ್ಡಿನ್ (1968) ಕಲ್ಪಿಸಿದ ಹುಲ್ಲುಗಾವಲಿಗೆ ನಿಯಮಗಳೇ ಇರಲಿಲ್ಲ, ನೀರಾವರಿಯ ಹಳ್ಳಿಗಳಲ್ಲಿ ನಿಯಮಗಳಿದ್ದವು, ಆದ್ದರಿಂದ ಕೇಳಬೇಕಾದದ್ದು ಅವು ಎಲ್ಲಿಂದ ಬಂದವು ಎಂದು. ಕರ್ನೂಲಿನಲ್ಲಿ ಅವು ಬಂದದ್ದು ನೀರು ತಪ್ಪುವ ಭಯದಿಂದ, ಅದಕ್ಕೇ ಕಾಲುವೆಯ ಕೊನೆಭಾಗದಲ್ಲಿ ಸಂಘಟನೆ ಹೆಚ್ಚು ಗಟ್ಟಿ (ವೇಡ್ 1988). ಭಯ ನಿಯಮವನ್ನು ಹುಟ್ಟಿಸಬಹುದು, ತಲೆಮಾರುಗಟ್ಟಲೆ ಉಳಿಸಲು ಕಾವಲು ಮತ್ತು ಹಂತಹಂತದ ದಂಡ ಬೇಕು (ಆಸ್ಟ್ರಂ 1990). ಈ ಎರಡೂ ವಿವರಣೆಗಳು ಬಳಕೆದಾರರ ಅಗತ್ಯದಿಂದ ಹೊರಡುತ್ತವೆ. ಕೆರೆಯ ವ್ಯವಸ್ಥೆ ಅಧಿಕಾರ ಮತ್ತು ಜಾತಿಯ ಒಳಗೇ ಬೆಳೆದಿತ್ತು ಎಂದಾದರೆ (ಮಾಸ್ 2003), ಯಾರ ಅಗತ್ಯ ಎಂದು ಕೇಳಬೇಕಾಗುತ್ತದೆ. ಕರ್ನೂಲಿನ ನೀರು ಬಿಡುವವನು ಊರು ನೇಮಿಸಿದವನು; ನಮ್ಮ ಕೆರೆಗಳ ನೀರಗಂಟಿಗೆ ಆ ಕೆಲಸ ಬಹುಮಟ್ಟಿಗೆ ವಂಶದಿಂದ ಬಂದದ್ದು. ಅವನನ್ನು ಆಸ್ಟ್ರಂ ಹೇಳುವ ಕಾವಲಿನವನೆಂದು ನೋಡಬೇಕೇ, ಮಾಸ್ ಹೇಳುವ ವ್ಯವಸ್ಥೆಯ ಭಾಗವೆಂದು ನೋಡಬೇಕೇ ಎಂಬುದು ಈ ಅಧ್ಯಯನದ ಪ್ರಶ್ನೆ."

ಮತ್ತೆ ಚೀಟಿ ಮಾಡಿದೆ. ಮೂರನೇ ವಾಕ್ಯವನ್ನು ಮೊದಲಿಗಿಟ್ಟರೆ "ಭಯ" ಯಾವುದೆಂದು ತಿಳಿಯುವುದಿಲ್ಲ. ಮಾಸ್ ಅವರನ್ನು ಮುಂದಕ್ಕೆ ತಂದರೆ "ಯಾರ ಅಗತ್ಯ" ಎಂಬ ಪ್ರಶ್ನೆಗೆ ನೆಲೆ ಇರುವುದಿಲ್ಲ. ಹೆಸರುಗಳನ್ನು ಮುಚ್ಚಿ ಓದಿದರೂ ನೀರಿನ ಬಗೆಗಿನ ಮಾತು ಉಳಿಯಿತು. ಹಾಗಂತ ಹೆಸರಿನಿಂದ ಶುರುವಾಗುವ ವಾಕ್ಯವೆಲ್ಲ ತಪ್ಪಲ್ಲ. ಹಾರ್ಡಿನ್ ಅವರ ಕಲ್ಪನೆಯನ್ನೇ ಪ್ರಶ್ನಿಸುತ್ತಿರುವುದರಿಂದ ಅಲ್ಲಿ ಹೆಸರು ಮುಂದೆ ಇರಬೇಕು.

ಶನಿವಾರ

ಒಂದು ಬಿರುಕು ಉಳಿದಿತ್ತು. ವೇಡ್ ಬರೆದದ್ದು ಸರ್ಕಾರದ ಕಾಲುವೆಯ ಬಗ್ಗೆ, ನನ್ನದು ಕೆರೆ. ಕಾಲುವೆಯಲ್ಲಿ ಮೇಲಿನ ತೂಬು ಊರಿನ ಕೈಯಲ್ಲಿಲ್ಲ, ಹಳ್ಳಿಯವರು ಹೊರಗಿನವರ ಜೊತೆಗೂ ಸೆಣಸಬೇಕು. ಕೆರೆಯ ತೂಬಿನ ಕೀಲಿ ಊರಿನೊಳಗೇ ಇರುತ್ತದೆ, ಜಗಳ ಅಚ್ಚುಕಟ್ಟಿನ ಒಳಗೇ. ಪಟ್ಟಿ ಬರೆದಾಗ ಇದು ತೊಡಕಾಗಿಯೇ ಕಂಡಿರಲಿಲ್ಲ, ಪಕ್ಕಪಕ್ಕದಲ್ಲಿ ಇಟ್ಟ ಮೇಲೆ ಕಂಡಿತು. ನೀರಗಂಟಿಯ ವಾಕ್ಯದ ಮೊದಲು "ಕಾಲುವೆಗಿಂತ ಭಿನ್ನವಾಗಿ ಕೆರೆಯ ತೂಬು ಊರಿನ ಕೈಯಲ್ಲೇ ಇರುತ್ತದೆ" ಎಂದು ಸೇರಿಸಿ, ಪ್ಯಾರಾವನ್ನು ಗೈಡ್‌ಗೆ ಕಳಿಸಿದೆ. ಸೋಮವಾರದಿಂದ ಮೂರನೇ ಪ್ಯಾರಾ. ಅದರಲ್ಲಿ ಏಳು ಹೆಸರುಗಳಿವೆ, ಏಳೂ ವಾಕ್ಯದ ಮೊದಲಲ್ಲೇ ಇವೆ.