ಕಂಪನಿ ಟಿಕೆಟೋ, ಕೈಗೆ ದುಡ್ಡೋ: ಕಾಸರಗೋಡಿನಿಂದ ವಿದೇಶಕ್ಕೆ ಹೊರಡುವವರು ನೋಡಬೇಕಾದ ಲೆಕ್ಕ

ವಿದೇಶಕ್ಕೆ ವರ್ಗವಾದವರ, ಅಲ್ಲೇ ಹೊಸ ಕೆಲಸ ಸಿಕ್ಕಿದವರ ಪತ್ರದಲ್ಲಿ ಒಂದು ಆಯ್ಕೆ ಇರುವುದುಂಟು. ಕಂಪನಿಯೇ ವಿಮಾನದ ಟಿಕೆಟ್ ಮಾಡಿಕೊಡುತ್ತದೆ, ಇಲ್ಲವೇ ಇಂತಿಷ್ಟು ಅಲೋವನ್ಸ್ ಕೊಡುತ್ತದೆ, ಟಿಕೆಟ್ ನೀವೇ ನೋಡಿಕೊಳ್ಳಿ. ಟಿಕೆಟ್ ಬುಕಿಂಗಿನ ನಮ್ಮ ಕೌಂಟರಿಗೆ ಈ ಪತ್ರ ಹಿಡಿದು ಬರುವವರೆಲ್ಲ ಕೇಳುವುದು ಒಂದೇ: ಯಾವುದರಲ್ಲಿ ನಾಲ್ಕು ಕಾಸು ಉಳಿಯುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಹೊರಡುವ ದಿನ ಬದಲಾದರೆ ಅದರ ಖರ್ಚು ಯಾರ ತಲೆಗೆ ಬೀಳುತ್ತದೆ? ವೀಸಾ ತಡವಾಗುತ್ತದೆ, ಪಾಸ್‌ಪೋರ್ಟ್ ಕೊರಿಯರಿನಲ್ಲಿ ಸಿಕ್ಕಿಬೀಳುತ್ತದೆ, ಮಗುವಿನ ವೀಸಾ ಮಾತ್ರ ಬರುವುದಿಲ್ಲ. ಟಿಕೆಟ್ ಕಂಪನಿಯದಾದರೆ ಬದಲಾವಣೆಯ ದಂಡ ಸಾಮಾನ್ಯವಾಗಿ ಕಂಪನಿಯದು. ಅಲೋವನ್ಸ್ ತೆಗೆದುಕೊಂಡರೆ ಅದು ಪೂರ್ತಿ ನಿಮ್ಮದು.

ಹಾಗೆಂದು ಕಂಪನಿ ಟಿಕೆಟನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವಂತಿಲ್ಲ. ನಮ್ಮ ಕಡೆಯವರಿಗೆ ಮೊದಲ ಎಡವಟ್ಟು ವಿಳಾಸದಲ್ಲೇ ಶುರುವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿರುವುದನ್ನು ನೋಡಿ ಎಲ್ಲೋ ಕುಳಿತ ಟ್ರಾವೆಲ್ ಡೆಸ್ಕಿನವರು ಕೊಚ್ಚಿಯಿಂದ (`COK`) ಟಿಕೆಟ್ ಮಾಡಿಬಿಡುತ್ತಾರೆ. ಮಂಜೇಶ್ವರದವರಿಗೋ ಬದಿಯಡ್ಕದವರಿಗೋ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ (`IXE`) ಕೈಯಳತೆಯಲ್ಲಿದ್ದರೂ ಕೊಚ್ಚಿಗೆ ರೈಲಿನಲ್ಲಿ ಆರೇಳು ಗಂಟೆ ದಕ್ಷಿಣಕ್ಕೆ ಹೋಗಬೇಕು. ಕಂಪನಿಯವರಿಗೆ ಇದು ಗೊತ್ತಿರುವುದಿಲ್ಲ. ಹೇಳುವುದು ನಮ್ಮ ಕೆಲಸ, ಅದೂ ಟಿಕೆಟ್ ಆಗುವುದಕ್ಕೆ ಮುಂಚೆ.

ಟಿಕೆಟ್ ಆದ ಮೇಲೆ ಗೊತ್ತಾದರೆ ಜನ ಒಂದು ಉಪಾಯ ಹೂಡುತ್ತಾರೆ. ಕೊಚ್ಚಿ–ಬೆಂಗಳೂರು–ಫ್ರಾಂಕ್‌ಫರ್ಟ್ ಎಂದು ಟಿಕೆಟ್ ಇದೆ, ಕೊಚ್ಚಿಗೆ ಯಾರು ಹೋಗುತ್ತಾರೆ, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲೇ ಹತ್ತಿದರಾಯಿತು ಎಂದು. ಇದು ನಡೆಯುವುದಿಲ್ಲ. ಒಂದೇ ಟಿಕೆಟಿನ ಹಂತಗಳನ್ನು ಅದರಲ್ಲಿರುವ ಕ್ರಮದಲ್ಲೇ ಬಳಸಬೇಕು. ಮೊದಲ ಹಂತಕ್ಕೆ ನೀವು ಬಾರದಿದ್ದರೆ ನೋ-ಶೋ ಎಂದು ದಾಖಲಾಗಿ, ಮುಂದಿನ ಎಲ್ಲ ಹಂತಗಳು ತಾವಾಗಿಯೇ ರದ್ದಾಗುತ್ತವೆ. ಬೆಂಗಳೂರಿನ ಕೌಂಟರಿನಲ್ಲಿ ಟ್ರಾಲಿ ತುಂಬ ಪೆಟ್ಟಿಗೆ ಇಟ್ಟುಕೊಂಡು ನಿಂತಾಗ ಅವರ ಪರದೆಯಲ್ಲಿ ನಿಮ್ಮ ಸೀಟೇ ಇರುವುದಿಲ್ಲ. ಹತ್ತುವ ಊರು ಬದಲಾಗಬೇಕಿದ್ದರೆ ಟಿಕೆಟನ್ನೇ ಮೊದಲು ಬದಲಿಸಿ ಹೊಸದಾಗಿ ಇಶ್ಯೂ ಮಾಡಿಸಬೇಕು.

ಅದನ್ನು ಮಾಡಿಸುವುದು ಯಾರು ಎಂಬುದು ಮುಂದಿನ ತೊಡಕು. ಏಜೆನ್ಸಿ ಮೂಲಕ ಆದ ಕಾರ್ಪೊರೇಟ್ ಟಿಕೆಟನ್ನು ಬದಲಿಸಲು ಹೊರಟರೆ ವಿಮಾನ ಕಂಪನಿಯ ಕಾಲ್ ಸೆಂಟರಿನವರು ಬಹುಪಾಲು "ಟಿಕೆಟ್ ಕೊಟ್ಟವರನ್ನೇ ಕೇಳಿ" ಎಂದು ಕೈತೊಳೆದುಕೊಳ್ಳುತ್ತಾರೆ. ಏಜೆನ್ಸಿಯವರೋ ಕಂಪನಿಯ ಒಪ್ಪಿಗೆ ಇಲ್ಲದೆ ಕೈ ಹಾಕುವುದಿಲ್ಲ. ಶನಿವಾರ ರಾತ್ರಿ ವಿಮಾನ, ಶನಿವಾರ ಮಧ್ಯಾಹ್ನ ತೊಂದರೆ, ಎಚ್‌ಆರ್ ರಜೆಯಲ್ಲಿ. ಆದ್ದರಿಂದ ಕಂಪನಿ ಟಿಕೆಟ್ ಒಪ್ಪುವಾಗಲೇ ಮೂರು ವಿಷಯವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ: ಏಜೆನ್ಸಿಯ ಇಪ್ಪತ್ತನಾಲ್ಕು ಗಂಟೆಯ ಫೋನ್ ನಂಬರ್, ದಿನ ಬದಲಿಸಲು ನೀವೇ ನೇರವಾಗಿ ಹೇಳಬಹುದು ಎಂಬ ಒಪ್ಪಿಗೆ, ಮತ್ತು ವೀಸಾ ತಡವಾದರೆ ದಂಡ ಕಂಪನಿ ಕಟ್ಟುತ್ತದೆ ಎಂಬ ಒಂದು ಸಾಲು.

ಈಗ ದುಡ್ಡಿನ ಮಾತು. ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಬದಿಯಡ್ಕದಲ್ಲಿ ಮನೆ, ಬೆಂಗಳೂರಿನ ಕಂಪನಿಯಲ್ಲಿ ಕೆಲಸ, ಫ್ರಾಂಕ್‌ಫರ್ಟಿಗೆ ವರ್ಗ. ಗಂಡ, ಹೆಂಡತಿ, ಟಿಕೆಟ್‌ಗೆ ಪೂರ್ತಿ ದರ ಬೀಳುವ ಮಗಳು. ಕಂಪನಿ 2,00,000 ರೂ. ಅಲೋವನ್ಸ್ ಕೊಡುತ್ತೇನೆ ಎಂದಿದೆ. ಬೆಂಗಳೂರಿನಿಂದ ಮೂರು ಟಿಕೆಟಿಗೆ ತಲಾ 42,000ದಂತೆ 1,26,000 ರೂ. ಮೇಲ್ನೋಟಕ್ಕೆ 74,000 ರೂ. ಉಳಿತಾಯ.

ಆದರೆ ಆ ಎರಡು ಲಕ್ಷ ಸಂಬಳದ ಚೀಟಿಯಲ್ಲಿ ಬೋನಸ್ ಎಂಬ ಹೆಸರಿನಲ್ಲಿ ಬಂದರೆ ಅದು ಸಂಬಳವೇ. 30 ಶೇಕಡಾ ಸ್ಲ್ಯಾಬಿನಲ್ಲಿರುವವರಿಗೆ ಸೆಸ್ ಸೇರಿ 31.2 ಶೇಕಡಾ, ಅಂದರೆ 62,400 ರೂ. ತೆರಿಗೆ ಮುರಿದು ಕೈಗೆ ಬರುವುದು 1,37,600 ರೂ. ಟಿಕೆಟ್ ಕಳೆದರೆ ಉಳಿಯುವುದು 11,600 ರೂ. ಇದರಲ್ಲಿ ಇನ್ನೂ ಬದಿಯಡ್ಕದಿಂದ ಬೆಂಗಳೂರಿಗೆ ಹೋಗಬೇಕು.

ಇಲ್ಲಿಯೇ ಲಗೇಜು ಕಾಲು ಎಳೆಯುವುದು. ಅಂತರರಾಷ್ಟ್ರೀಯ ಟಿಕೆಟಿನಲ್ಲಿ ಲಗೇಜು `2PC` ಎಂದಿದ್ದರೆ ಒಬ್ಬರಿಗೆ ಎರಡು ಪೆಟ್ಟಿಗೆ, ಎಕಾನಮಿಯಲ್ಲಿ ಸಾಮಾನ್ಯವಾಗಿ ಒಂದೊಂದು 23 ಕಿಲೋ. ಮೂವರಿಗೆ ಆರು ಪೆಟ್ಟಿಗೆ, 138 ಕಿಲೋ. ಮಂಗಳೂರಿನಿಂದ ಬೆಂಗಳೂರಿಗೆ ಬೇರೆಯೇ ಟಿಕೆಟ್ ತೆಗೆದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ, ಮೂವರಿಗೆ 45 ಕಿಲೋ. ಹೆಚ್ಚುವರಿ 93 ಕಿಲೋ. ಕಿಲೋಗೆ 600 ರೂ. ಎಂದು ಹಿಡಿದರೂ 55,800 ರೂ. ಕಟ್ಟಬೇಕು. ಅಲೋವನ್ಸಿನ ಲಾಭ ಎಂದುಕೊಂಡದ್ದು ಬಜ್ಪೆಯ ತೂಕದ ಪಟ್ಟಿಯ ಮೇಲೆಯೇ ಕರಗಿ, ಮೇಲೆ ಇನ್ನೂ 44,000 ಕೈಯಿಂದ ಹೋಗುತ್ತದೆ. ಮಂಗಳೂರು–ಬೆಂಗಳೂರು ಟಿಕೆಟಿನ ದರವನ್ನು ಇನ್ನೂ ಸೇರಿಸಿಲ್ಲ.

ಮಂಗಳೂರಿನಿಂದ ಫ್ರಾಂಕ್‌ಫರ್ಟಿನವರೆಗೆ ಒಂದೇ ಟಿಕೆಟ್ ಆಗಿದ್ದರೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಹಂತದ ಲಗೇಜಿನ ಮಿತಿಯೇ ಮೊದಲಿನಿಂದ ಕೊನೆಯವರೆಗೆ ಅನ್ವಯವಾಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮಂಜು ಕವಿದು ವಿಮಾನ ತಡವಾಗಿ, ಬೆಂಗಳೂರಿನ ವಿಮಾನ ತಪ್ಪಿದರೆ ಮುಂದಿನದರಲ್ಲಿ ಕಳುಹಿಸುವ ಹೊಣೆ ವಿಮಾನ ಕಂಪನಿಯದು. ಎರಡು ಬೇರೆ ಬೇರೆ ಟಿಕೆಟ್ ಆದರೆ ಎರಡನೆಯವರು ನಿಮ್ಮನ್ನು ತಡವಾಗಿ ಬಂದವರೆಂದಷ್ಟೇ ನೋಡುತ್ತಾರೆ. ರೈಲು ಸುರಕ್ಷಿತ ಎನ್ನುವವರು ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟವನ್ನು ಮರೆಯಬಾರದು. 2018ರಲ್ಲೂ 2024ರಲ್ಲೂ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಗುಡ್ಡ ಕುಸಿದು ರೈಲು ನಿಂತಿತ್ತು. ಆ ತಿಂಗಳುಗಳಲ್ಲಿ ಒಂದು ದಿನ ಮುಂಚೆಯೇ ಬೆಂಗಳೂರು ಸೇರಿ ಲಾಡ್ಜಿನಲ್ಲಿ ಉಳಿಯುವ ಖರ್ಚನ್ನೂ ಅಲೋವನ್ಸಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಾಗಾದರೆ ಅಲೋವನ್ಸ್ ಬೇಡವೇ? ಬೇಕಾಗುವ ಸಂದರ್ಭ ಇದೆ. ಗಂಡ ಈಗ ಹೋಗಿ, ಮಗಳ ಪರೀಕ್ಷೆ ಮುಗಿದ ಮೇಲೆ ತಾಯಿ ಮಗಳು ಹೊರಡುವುದಾದರೆ, ಅಥವಾ ಮನೆಯವರ ವೀಸಾ ಯಾವಾಗ ಬರುತ್ತದೆಂದೇ ತಿಳಿಯದಿದ್ದರೆ, ಒಟ್ಟಿಗೆ ಮೂರು ಟಿಕೆಟ್ ಮಾಡಿಸುವ ಕಂಪನಿಯ ಪದ್ಧತಿ ಅಡ್ಡ ಬರುತ್ತದೆ. ಆಗ ಕೇಳಬೇಕಾದದ್ದು ಇಡಿಗಂಟಿನ ದುಡ್ಡಲ್ಲ, ಬಿಲ್ಲಿನ ಮೇಲೆ ಮರುಪಾವತಿ. ವರ್ಗಾವಣೆಯ ಪ್ರಯಾಣಕ್ಕೆಂದು ಕೊಡುವ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಸಾಮಾನು ಪ್ಯಾಕ್ ಮಾಡಿ ಸಾಗಿಸಿದ ಖರ್ಚೂ ಅದರೊಳಗೆ ಬರುತ್ತದೆ. ಪತ್ರದಲ್ಲಿ ಅದು ವರ್ಗಾವಣೆ ಪ್ರಯಾಣ ಭತ್ಯೆ ಎಂದೇ ಇರಬೇಕು, ಬಿಲ್ಲು ಇರಬೇಕು. ಮೇಲಿನ ಲೆಕ್ಕದಲ್ಲಿ ಹೀಗೆ ಮಾಡಿದ್ದರೆ ಟಿಕೆಟಿನ 1,26,000 ರೂ.ಗೆ ತೆರಿಗೆಯೇ ಬೀಳುತ್ತಿರಲಿಲ್ಲ, ಅಷ್ಟರಲ್ಲೇ 39,312 ರೂ. ಉಳಿಯುತ್ತಿತ್ತು. ದುಡ್ಡು ಕೊಡುವುದು ಹೊರದೇಶದ ಕಂಪನಿಯಾದರೆ ಆ ದೇಶದ ನಿಯಮ ನೋಡಬೇಕು. ಬ್ರಿಟನ್ನಿನಲ್ಲಿ ಸ್ಥಳಾಂತರದ ಅರ್ಹ ಖರ್ಚಿಗೆ 8,000 ಪೌಂಡ್ ವರೆಗೆ ತೆರಿಗೆ ಇಲ್ಲ. ಅಮೆರಿಕದಲ್ಲಿ 2018ರಿಂದ ಇಂಥ ಮರುಪಾವತಿಯೂ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ, ಆದ್ದರಿಂದ ಅಲ್ಲಿಗೆ ಹೋಗುವವರು ತೆರಿಗೆಯನ್ನೂ ಕಂಪನಿಯೇ ತುಂಬಿಕೊಡುತ್ತದೆಯೇ ಎಂದು ಕೇಳಲೇಬೇಕು.

ಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿರುವ ವಸೂಲಿಯ ಷರತ್ತನ್ನೂ ಓದಿ. ಒಂದು ಅಥವಾ ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಪ್ರಯಾಣದ ದುಡ್ಡು ಹಿಂದಕ್ಕೆ ಕೊಡಬೇಕೆಂದು ಇರುತ್ತದೆ. ಕೈಗೆ ಬಂದದ್ದು 1,37,600 ಆದರೂ ವಸೂಲಿ ಪೂರ್ತಿ ಎರಡು ಲಕ್ಷದ ಮೇಲೆ ನಡೆಯಬಹುದು. ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂಬುದನ್ನು ಸಹಿಗೆ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು.

ನೀವೇ ಬುಕ್ ಮಾಡುವುದಾದರೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಟಿಕೆಟಿಗೆ ದುಡ್ಡು ಕಟ್ಟಿ. ವೀಸಾದ ಮೇಲೆ ಯಾವ ದಿನದಿಂದ ಎಂದು ಇರುತ್ತದೆ. ಅದಕ್ಕಿಂತ ಒಂದು ದಿನ ಮುಂಚೆ ಇಳಿಯುವಂತಿದ್ದರೂ ಇಲ್ಲಿನ ಕೌಂಟರಿನಲ್ಲೇ ತಡೆಯುತ್ತಾರೆ. ಯುರೋಪಿನ ಕಡೆಯ ಹಲವು ವಿಮಾನಗಳು ಬೆಂಗಳೂರಿನಿಂದ ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 12ನೇ ತಾರೀಕು `02:30` ಎಂದಿದ್ದರೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 12ರ ಸಂಜೆ ಊರಿನಿಂದ ರೈಲು ಹತ್ತಲು ತಯಾರಾಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಪೆಟ್ಟಿಗೆಗೆ ಹಪ್ಪಳ ತುಂಬುವುದಕ್ಕೆ ಅಡ್ಡಿಯಿಲ್ಲ, ತುಪ್ಪ ಬೇಡ. ಹೊರದೇಶಗಳಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ.

ಗಲ್ಫಿಗೆ ಹೋಗುವವರ ಮಟ್ಟಿಗೆ ನಮ್ಮ ಅಭಿಪ್ರಾಯ ನೇರ: ಕಂಪನಿ ಟಿಕೆಟ್ ಕೊಟ್ಟರೆ ತೆಗೆದುಕೊಳ್ಳಿ. ಮಂಗಳೂರಿನಿಂದ ನೇರ ವಿಮಾನ ಇದೆ, ತಿಂಗಳಿಂದ ತಿಂಗಳಿಗೆ ದರ ಏರಿಳಿಯುತ್ತದೆ, ಆ ಏರಿಳಿತ ನಿಮಗೆ ಯಾಕೆ? ಅಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. ಕಂಪನಿ ಟಿಕೆಟ್ ಕೊಟ್ಟಿರುವಾಗಲೂ ಮಧ್ಯದ ಏಜೆಂಟ್ ಟಿಕೆಟಿನ ದುಡ್ಡು ಎಂದು ಕೇಳುವುದುಂಟು. ಯುಎಇಯಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ ಎಂದು ಅಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ವಾಟ್ಸಾಪಿನಲ್ಲಿ ಬಂದ ಕಾಗದವನ್ನು ಟಿಕೆಟ್ ಎಂದು ನಂಬುವ ಮೊದಲು ಅದರಲ್ಲಿ 13 ಅಂಕಿಯ ಟಿಕೆಟ್ ನಂಬರ್ ಇದೆಯೇ ನೋಡಿ. ಮೊದಲ ಮೂರು ಅಂಕಿ ವಿಮಾನ ಕಂಪನಿಯದು: `098` ಏರ್ ಇಂಡಿಯಾ, `176` ಎಮಿರೇಟ್ಸ್, `220` ಲುಫ್ತಾನ್ಸಾ. ಕಡಿಮೆ ದರದ ಕೆಲವು ಕಂಪನಿಗಳು ಈ ನಂಬರ್ ಕೊಡುವುದಿಲ್ಲ, ಅಲ್ಲಿ ಪಿಎನ್‌ಆರ್ ಮಾತ್ರ. ಯಾವುದಾದರೂ ಸರಿ, ಆ ಆರು ಅಕ್ಷರದ ಪಿಎನ್‌ಆರನ್ನು ವಿಮಾನ ಕಂಪನಿಯ ವೆಬ್‌ಸೈಟಿನಲ್ಲೇ ಹಾಕಿ ನೋಡಿ. `HK` ಎಂದಿದ್ದರೆ ಸೀಟು ಹಿಡಿದಿದೆ ಎಂದಷ್ಟೇ ಅರ್ಥ. ದುಡ್ಡು ಕಟ್ಟಿ ಟಿಕೆಟ್ ಇಶ್ಯೂ ಆಗದಿದ್ದರೆ ಗಡುವು ಮುಗಿದ ಕೂಡಲೇ ಆ ಸೀಟು ಸದ್ದಿಲ್ಲದೆ ರದ್ದಾಗುತ್ತದೆ, ಕಾಗದ ಮಾತ್ರ ನಿಮ್ಮ ಫೋನಿನಲ್ಲಿ ಹಾಗೆಯೇ ಇರುತ್ತದೆ. ಇಂದು ನೋಡಿದ್ದನ್ನು ಹೊರಡುವ ಎರಡು ದಿನ ಮುಂಚೆ ಇನ್ನೊಮ್ಮೆ ನೋಡಿ.